ಒಬ್ಬರಿಗೆ ಒಂದೇ ಹೆಸರು, ಒಂದು ಕೆಲಸಕ್ಕೆ ಒಂದೇ ಮಾತು: ಸಂಶೋಧನೆಯ ಒಪ್ಪಿಗೆ ಪತ್ರದ ಕರಡು ತಿದ್ದುವ ಬಗೆ

ಕೆಳಗಿನ ನಾಲ್ಕು ಸಾಲು ಓದಿ. ಒಂದೇ ಒಪ್ಪಿಗೆ ಪತ್ರದ ನಾಲ್ಕು ಪುಟಗಳಲ್ಲಿ ಇವು ಇವೆ ಅಂದುಕೊಳ್ಳಿ.

"ಅಧ್ಯಯನದಲ್ಲಿ ಪಾಲ್ಗೊಳ್ಳುವ ಸ್ವಯಂಸೇವಕರಿಂದ 5 ಮಿ.ಲೀ. ರಕ್ತದ ಮಾದರಿಯನ್ನು ಸಂಗ್ರಹಿಸಲಾಗುವುದು."

"ರೋಗಿಯು ಯಾವುದೇ ಸಮಯದಲ್ಲಿ ಹಿಂದೆ ಸರಿಯುವ ಹಕ್ಕನ್ನು ಹೊಂದಿರುತ್ತಾನೆ."

"ತಪಾಸಣೆಯ ನಂತರ ಫಲಾನುಭವಿಗಳಿಗೆ ವರದಿಯನ್ನು ನೀಡಲಾಗುವುದು."

"ನನ್ನ ಸ್ಯಾಂಪಲ್ ಅನ್ನು ಮುಂದಿನ ಸಂಶೋಧನೆಗೆ ಬಳಸಿಕೊಳ್ಳಲು ನನ್ನ ಸಮ್ಮತಿ ಇದೆ."

ಇಲ್ಲಿ ಎಷ್ಟು ಜನ ಇದ್ದಾರೆ? ಬರೆದವರನ್ನು ಕೇಳಿದರೆ ಒಬ್ಬರೇ ಅನ್ನುತ್ತಾರೆ. ಓದುವವರಿಗೆ ನಾಲ್ವರು ಕಾಣುತ್ತಾರೆ. ರಕ್ತ ಕೊಡುವುದು ಸ್ವಯಂಸೇವಕರು, ಬೇಡ ಅನ್ನುವ ಹಕ್ಕು ಇರುವುದು ರೋಗಿಗೆ, ವರದಿ ಸಿಗುವುದು ಫಲಾನುಭವಿಗೆ, ಕೊನೆಗೆ ಸಹಿ ಹಾಕುವುದು ಮಾತ್ರ ನಾನು. "ನಾನು ರೋಗಿ ಅಲ್ಲವಲ್ಲ, ಹಾಗಾದ್ರೆ ಮಧ್ಯದಲ್ಲಿ ಬಿಡೋ ಹಾಗಿಲ್ಲವೇನೋ" ಎಂದು ಯಾರಾದರೂ ಅಂದುಕೊಂಡರೆ ಅದು ಅವರ ತಪ್ಪಲ್ಲ. ಪತ್ರದ ತಪ್ಪು.

ನಾನು ಶಿವಮೊಗ್ಗದಲ್ಲಿ ಕನ್ನಡ ಕರಡು ತಿದ್ದುತ್ತೇನೆ. ಪುಸ್ತಕ, ಸಹಕಾರ ಸಂಘದ ವರದಿಗಳ ಜೊತೆಗೆ ಆಗಾಗ ಸಂಶೋಧನೆ ಮಾಡುವವರ ಒಪ್ಪಿಗೆ ಪತ್ರಗಳೂ ಬರುತ್ತವೆ. ಅವುಗಳಲ್ಲಿ ಕಾಗುಣಿತದ ತಪ್ಪು ಕಡಿಮೆ. ಹೆಸರು ಬದಲಾಗುವ ತಪ್ಪೇ ಜಾಸ್ತಿ. ಒಂದೇ ಪದ ಮತ್ತೆ ಮತ್ತೆ ಬರಬಾರದು ಎಂದು ನಮಗೆಲ್ಲ ಶಾಲೆಯ ಪ್ರಬಂಧದಲ್ಲಿ ಹೇಳಿಕೊಟ್ಟಿದ್ದಾರೆ. ಒಪ್ಪಿಗೆ ಪತ್ರಕ್ಕೆ ಆ ಪಾಠ ತದ್ವಿರುದ್ಧ. ಇಲ್ಲಿ ಅದೇ ಪದ ನಲವತ್ತು ಸಲ ಬಂದರೂ ಬರಲಿ.

ಈ ತಿದ್ದುವ ಕೆಲಸವನ್ನು ಒಂದು ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ. ಮಂಗನ ಕಾಯಿಲೆಯ ಬಗ್ಗೆ ಒಂದು ಅಧ್ಯಯನ ಎಂದಿಟ್ಟುಕೊಳ್ಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಇದು. ಕಾಡಿನಲ್ಲಿರುವ ಉಣುಗು ಎಂಬ ಚಿಕ್ಕ ಹುಳ ಕಚ್ಚಿ ಹರಡುತ್ತದೆ. ಕಾಡಿಗೆ ಹೋಗಿಬರುವ, ಈಗ ಆರೋಗ್ಯವಾಗಿರುವ ಹಳ್ಳಿಯವರಿಂದ ಒಂದು ಸಲ 5 ಮಿ.ಲೀ. ರಕ್ತ ತೆಗೆದು, ಈ ಕಾಯಿಲೆ ಅವರಿಗೆ ಗೊತ್ತಿಲ್ಲದೆಯೇ ಬಂದು ಹೋಗಿದೆಯಾ ಎಂದು ನೋಡುವ ಅಧ್ಯಯನ. ಪತ್ರವನ್ನು ಈ ಲೇಖನಕ್ಕಾಗಿ ನಾನೇ ಜೋಡಿಸಿದ್ದೇನೆ. ಆದರೆ ಅದರ ಸಾಲುಗಳೆಲ್ಲ ನನ್ನ ಮೇಜಿಗೆ ಬರುವಂಥವೇ.

ಮೊದಲು ಎರಡು ವಿಷಯ ಕೇಳಿಕೊಳ್ಳಿ

ಪತ್ರ ಕೈಗೆ ಬಂದ ಕೂಡಲೇ ಪೆನ್ನು ಎತ್ತಬೇಡಿ. ಇದು ಸಂಶೋಧನೆಯನ್ನು ಮೊದಲೇ ನೋಡಿ ಒಪ್ಪಿಗೆ ಕೊಡುವ ನೈತಿಕ ಸಮಿತಿಗೆ ಹೋಗಿ ಬಂದಿದೆಯಾ, ಇನ್ನೂ ಹೋಗಬೇಕಾ ಎಂದು ಕೇಳಿ. ಸಮಿತಿ ಒಪ್ಪಿದ ಪತ್ರದಲ್ಲಿ ನೀವು ಒಂದು ಪದ ಬದಲಿಸಿದರೂ ಅದು ಸಮಿತಿ ನೋಡಿದ ಪತ್ರವಾಗಿ ಉಳಿಯುವುದಿಲ್ಲ, ಮತ್ತೆ ಕಳಿಸಿ ಒಪ್ಪಿಗೆ ಪಡೆಯಬೇಕು. ಹಾಗಾಗಿ ತಿದ್ದುವ ಸರಿಯಾದ ಸಮಯ ಸಮಿತಿಗೆ ಹೋಗುವ ಮುಂಚೆ. ಈಗಾಗಲೇ ಹೋಗಿ ಬಂದಿದ್ದರೆ ತಿದ್ದಬಾರದು ಎಂದಲ್ಲ, ಮತ್ತೆ ಕಳಿಸಬೇಕು ಎಂದು ಸಂಶೋಧಕರಿಗೆ ಮೊದಲೇ ಹೇಳಿಬಿಡಿ.

ಎರಡನೆಯದಾಗಿ, ಅಧ್ಯಯನದ ಯೋಜನೆಯ ಪ್ರತಿ ಕೇಳಿ. ಎಷ್ಟು ರಕ್ತ, ಎಷ್ಟು ಸಲ, ಯಾರು ತೆಗೆಯುತ್ತಾರೆ, ಉಳಿದದ್ದನ್ನು ಏನು ಮಾಡುತ್ತಾರೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಪತ್ರದಲ್ಲಿ ಒಂದು ಕಡೆ 5 ಮಿ.ಲೀ., ಇನ್ನೊಂದು ಕಡೆ "ಎರಡು ಚಮಚ" ಎಂದಿದ್ದರೆ ಯಾವುದು ಸರಿ ಎಂದು ನೀವು ಊಹಿಸಬಾರದು. ಒಂದು ಟೀ ಚಮಚಕ್ಕೆ ಸುಮಾರು 5 ಮಿ.ಲೀ. ಹಿಡಿಸುತ್ತದೆ. ಎರಡು ಚಮಚ ಅಂದರೆ ಅದರ ಎರಡರಷ್ಟು. ಯೋಜನೆಯ ಪ್ರತಿ ಇದ್ದರೆ ಒಂದೇ ನಿಮಿಷದ ಕೆಲಸ.

ಪತ್ರ ಸಾಮಾನ್ಯವಾಗಿ ಎರಡು ಭಾಗದ್ದು. ಏನು ಮಾಡುತ್ತೇವೆ ಎಂದು ಹೇಳುವುದು ಮಾಹಿತಿ ಹಾಳೆ, ಸಹಿ ಹಾಕುವುದು ಒಪ್ಪಿಗೆ ಹಾಳೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರತಂದ ರಾಷ್ಟ್ರೀಯ ಮಾರ್ಗಸೂಚಿಯೂ ಹೀಗೇ ಹೇಳುತ್ತದೆ. ಎಷ್ಟೋ ಸಲ ಎರಡು ಭಾಗಗಳನ್ನು ಬೇರೆ ಬೇರೆಯವರು ಬರೆದಿರುತ್ತಾರೆ, ಇಲ್ಲವೇ ಒಂದನ್ನು ಹಳೆಯ ಪತ್ರದಿಂದ ಎತ್ತಿರುತ್ತಾರೆ. ಹೆಸರುಗಳು ಬದಲಾಗುವುದು ಹೆಚ್ಚಾಗಿ ಇವೆರಡರ ನಡುವೆ. ಹಾಗಾಗಿ ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ತಿದ್ದಬೇಕು.

ಹೆಸರುಗಳ ಪಟ್ಟಿ ಮಾಡಿ

ಪತ್ರವನ್ನು ಕಾಗದದಲ್ಲಿ ಮುದ್ರಿಸಿಕೊಳ್ಳಿ. ಮೂರು ಬಣ್ಣದ ಪೆನ್ಸಿಲ್ ಸಾಕು. ಜನರನ್ನು ಹೇಳುವ ಪದಕ್ಕೆ ಒಂದು, ಮೈಗೆ ಅಥವಾ ಮೈಯಿಂದ ಮಾಡುವ ಕೆಲಸಕ್ಕೆ ಒಂದು, ಹಣಕ್ಕೆ ಒಂದು. ಮೊದಲ ಸಲ ಓದುವಾಗ ಏನೂ ತಿದ್ದಬೇಡಿ, ಸುಮ್ನೆ ಗೆರೆ ಎಳೆಯುತ್ತಾ ಹೋಗಿ. ಆಮೇಲೆ ಬೇರೆ ಹಾಳೆಯಲ್ಲಿ ಆ ಪದಗಳನ್ನು ಗುಂಪು ಮಾಡಿ ಬರೆಯಿರಿ.

ನಮ್ಮ ಉದಾಹರಣೆಯ ಪತ್ರದಲ್ಲಿ ಹೀಗೆ ಬಂತು:

ರಕ್ತ ಕೊಡುವ ವ್ಯಕ್ತಿ: ಸ್ವಯಂಸೇವಕರು, ರೋಗಿ, ಫಲಾನುಭವಿ, ಭಾಗವಹಿಸುವವರು, ಪಾಲ್ಗೊಳ್ಳುವವರು, ನೀವು, ನಾನು.

ಸಂಶೋಧನೆ ಮಾಡುವವರು: ಸಂಶೋಧಕರು, ಅಧ್ಯಯನ ತಂಡ, ವೈದ್ಯರು, ಸಿಬ್ಬಂದಿ, ನಾವು.

ರಕ್ತದ ಕೆಲಸ: ರಕ್ತದ ಮಾದರಿ ಸಂಗ್ರಹ, ರಕ್ತ ಪರೀಕ್ಷೆ, ತಪಾಸಣೆ, ಸ್ಯಾಂಪಲ್, ರಕ್ತ ನೀಡುವಿಕೆ.

ಕಾಯಿಲೆ: ಮಂಗನ ಕಾಯಿಲೆ, ಕೆಎಫ್‌ಡಿ, ಕ್ಯಾಸನೂರು ಅರಣ್ಯ ರೋಗ, ಒಂದು ಕಡೆ ಮಂಗನ ಬಾವು.

ಹಣ: ಪರಿಹಾರ, ಸಹಾಯಧನ, ಭತ್ಯೆ.

ಕೊನೆಯಿಂದ ಎರಡನೇ ಗುಂಪನ್ನು ನೋಡಿ. ಮಂಗನ ಬಾವು ಎಂದರೆ ಕೆನ್ನೆ ಊದುವ ಬೇರೆಯದೇ ಕಾಯಿಲೆ, ಮಕ್ಕಳಲ್ಲಿ ಜಾಸ್ತಿ ಬರುವಂಥದ್ದು. ಯಾರೋ ಅವಸರದಲ್ಲಿ ಟೈಪ್ ಮಾಡಿದ್ದಾರೆ. ಕಾಗುಣಿತ ಸರಿ ಇರುವುದರಿಂದ ಸುಮ್ಮನೆ ಓದಿಕೊಂಡು ಹೋದರೆ ಇದು ಕಣ್ಣಿಗೆ ಬೀಳುವುದಿಲ್ಲ. ಪಟ್ಟಿಯಲ್ಲಿ ಒಂದರ ಕೆಳಗೆ ಒಂದು ಬರೆದಾಗ ಥಟ್ಟನೆ ಕಾಣುತ್ತದೆ. ಉಣ್ಣೆ ಎಂಬ ಪದಕ್ಕೂ ಇದೇ ಕಷ್ಟ. ಕಂಬಳಿಯ ಉಣ್ಣೆಯೂ ಅದೇ, ಕಚ್ಚುವ ಹುಳವೂ ಅದೇ. ನಮ್ಮ ಕಡೆ ಉಣುಗು ಅಂದರೆ ಯಾರಿಗೂ ಅನುಮಾನ ಇಲ್ಲ. ಪತ್ರ ಯಾವ ಊರಿಗೆ ಹೋಗುತ್ತದೋ ಆ ಊರಿನ ಪದವೇ ಇರಲಿ. ಬೇರೆ ಜಿಲ್ಲೆಯಲ್ಲೂ ಅದೇ ಅಧ್ಯಯನ ನಡೆದರೆ ಅಲ್ಲಿನವರನ್ನು ಕೇಳಿ ಪದ ಬದಲಿಸಬೇಕಾಗಬಹುದು.

ಜನರ ಹೆಸರು

ಈಗ ಪ್ರತಿ ಗುಂಪಿನಿಂದ ಒಂದು ಪದ ಆರಿಸಬೇಕು. ಉಳಿದವನ್ನು ಯಾಕೆ ಬಿಟ್ಟೆವು ಎಂದು ಗೊತ್ತಿದ್ದರೆ ಸಂಶೋಧಕರಿಗೆ ವಿವರಿಸುವುದು ಸುಲಭ.

ರೋಗಿ ಬೇಡ, ಯಾಕೆಂದರೆ ಈ ಅಧ್ಯಯನಕ್ಕೆ ಬರುವವರು ಆರೋಗ್ಯವಾಗಿದ್ದಾರೆ. ರೋಗಿ ಎಂದು ಓದಿದವರು ತಮಗೆ ಏನೋ ಇದೆ ಎಂದು ಹೆದರಬಹುದು. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ರೋಗಿ ಅಂದ ಮೇಲೆ ಚಿಕಿತ್ಸೆ ಸಿಗುತ್ತದೆ ಎಂದು ಕಾಯುತ್ತಾರೆ. ಫಲಾನುಭವಿ ಖಂಡಿತ ಬೇಡ. ಹಳ್ಳಿಯಲ್ಲಿ ಆ ಪದ ಕೇಳಿದರೆ ಮನೆ ಮಂಜೂರು, ಪಿಂಚಣಿ, ಪಂಚಾಯಿತಿ ಪಟ್ಟಿ ನೆನಪಾಗುತ್ತದೆ. ಸಹಿ ಹಾಕದಿದ್ದರೆ ಯಾವುದೋ ಸೌಲಭ್ಯ ತಪ್ಪುತ್ತದೆ ಎಂಬ ಭಯದಿಂದ ಸಹಿ ಹಾಕಿದರೆ ಅದು ಒಪ್ಪಿಗೆಯೇ ಅಲ್ಲ. ಸ್ವಯಂಸೇವಕ ಎಂದರೆ ಜಾತ್ರೆಯಲ್ಲಿ, ಶಿಬಿರದಲ್ಲಿ ಓಡಾಡಿ ಕೆಲಸ ಮಾಡುವವರು.

ಭಾಗವಹಿಸುವವರು ಎಂಬುದು ಸರಿಯಾದ ಪದವೇ. ಆದರೆ ಮಾಹಿತಿ ಹಾಳೆಗೆ ಅದೂ ಬೇಕಾಗಿಲ್ಲ. ಪತ್ರ ಯಾರ ಕೈಯಲ್ಲಿದೆಯೋ ಅವರೊಂದಿಗೇ ಮಾತಾಡುತ್ತಿದ್ದೇವೆ, ಹಾಗಾಗಿ "ನೀವು" ಸಾಕು. ಒಪ್ಪಿಗೆ ಹಾಳೆಯಲ್ಲಿ ಅವರೇ ಮಾತಾಡುತ್ತಾರೆ, ಅಲ್ಲಿ "ನಾನು". ಮೊದಲ ಭಾಗ ಪೂರ್ತಿ ನೀವು, ಎರಡನೇ ಭಾಗ ಪೂರ್ತಿ ನಾನು. ಒಂದರಲ್ಲಿ ಇನ್ನೊಂದು ನುಸುಳಬಾರದು. ಮಕ್ಕಳನ್ನು ಸೇರಿಸಿಕೊಳ್ಳುವ ಅಧ್ಯಯನವಾದರೆ ಹೆತ್ತವರ ಪತ್ರದಲ್ಲಿ ಈ ಲೆಕ್ಕ ತಪ್ಪುತ್ತದೆ. ಅಲ್ಲಿ ಓದುವವರು ಒಬ್ಬರು, ರಕ್ತ ಕೊಡುವವರು ಇನ್ನೊಬ್ಬರು. "ನಿಮ್ಮ ರಕ್ತ ತೆಗೆಯುತ್ತೇವೆ" ಎಂಬ ಸಾಲು ಒಂದು ಕಡೆ ಉಳಿದರೂ ಸುಳ್ಳಾಗುತ್ತದೆ. ಪ್ರತಿ "ನಿಮ್ಮ" ಎದುರಿಗೂ ನಿಂತು, ಇದು ಅಪ್ಪ ಅಮ್ಮನದ್ದಾ, ಮಗುವಿನದ್ದಾ ಎಂದು ಕೇಳಿಕೊಳ್ಳಬೇಕು.

ಇನ್ನು "ನಾವು". ಕನ್ನಡದ ನಾವು ಕೇಳುವವರನ್ನೂ ಒಳಗೆ ಸೇರಿಸಿಕೊಳ್ಳಬಹುದು, ಹೊರಗೂ ಇಡಬಹುದು. "ನಾವು ಈ ಕಾಯಿಲೆಯ ಬಗ್ಗೆ ತಿಳಿದುಕೊಳ್ಳಬೇಕಾಗಿದೆ" ಎಂದರೆ ಯಾರು? ಊರಿನವರೆಲ್ಲರಾ, ಡಾಕ್ಟರರಾ? ಅದಕ್ಕೆ ಮೊದಲ ಪ್ಯಾರಾದಲ್ಲೇ ಗಂಟು ಹಾಕಿ: "ಈ ಪತ್ರದಲ್ಲಿ ನಾವು ಎಂದರೆ ಈ ಅಧ್ಯಯನ ಮಾಡುತ್ತಿರುವ ತಂಡದವರು." ಅದರ ಮುಂದೆ ಕಾಲೇಜಿನ ಹೆಸರು. ಆಮೇಲೆ ಇಡೀ ಪತ್ರದಲ್ಲಿ ಬೇರೆ ಯಾವ ಅರ್ಥದಲ್ಲೂ ನಾವು ಬರಬಾರದು. ತಂಡದಲ್ಲಿ ಇಲ್ಲದವರು, ಉದಾಹರಣೆಗೆ ಜೊತೆಗೆ ಮನೆಗೆ ಬರುವ ಆಶಾ ಕಾರ್ಯಕರ್ತೆ, ಇದ್ದರೆ ಅವರನ್ನು ಬೇರೆಯಾಗಿಯೇ ಹೇಳಬೇಕು.

"ಲಾಗುವುದು" ಎಂದು ಮುಗಿಯುವ ಸಾಲುಗಳಿಗೆ ಒಂದು ಗುರುತು ಹಾಕಿ. ಸಂಗ್ರಹಿಸಲಾಗುವುದು, ನೀಡಲಾಗುವುದು, ಕಾಪಾಡಲಾಗುವುದು. ಇವು ಬರೀ ಕಚೇರಿ ಕನ್ನಡ ಎಂಬ ಕಾರಣಕ್ಕೆ ನಾನು ಬೇಡ ಅನ್ನುತ್ತಿಲ್ಲ. ಈ ಸಾಲುಗಳಲ್ಲಿ ಕೆಲಸ ಮಾಡುವವರೇ ಇಲ್ಲ. ರಕ್ತ ಯಾರು ತೆಗೆಯುತ್ತಾರೆ? "ತರಬೇತಿ ಪಡೆದ ಲ್ಯಾಬ್ ಟೆಕ್ನಿಷಿಯನ್ ನಿಮ್ಮ ತೋಳಿನಿಂದ ರಕ್ತ ತೆಗೆಯುತ್ತಾರೆ" ಎಂದು ಬರೆಯಲು ಹೊರಟಾಗ, ಟೆಕ್ನಿಷಿಯನ್ನಾ, ನರ್ಸಾ ಎಂಬುದನ್ನು ಸಂಶೋಧಕರು ಇನ್ನೂ ತೀರ್ಮಾನಿಸಿಲ್ಲ ಎಂದು ಗೊತ್ತಾದದ್ದೂ ಉಂಟು.

ಕೆಲಸದ ಹೆಸರು

ಜನರ ಹೆಸರಿಗಿಂತ ಇದು ಸೂಕ್ಷ್ಮ. ಯಾಕೆಂದರೆ ಇಲ್ಲಿ ಎರಡು ಬಗೆಯ ತಪ್ಪು ಇರುತ್ತದೆ. ಒಂದೇ ಕೆಲಸಕ್ಕೆ ನಾಲ್ಕು ಹೆಸರು ಇರುವುದು ಒಂದು. ಎರಡು ಬೇರೆ ಕೆಲಸಕ್ಕೆ ಒಂದೇ ಹೆಸರು ಇರುವುದು ಇನ್ನೊಂದು. ಪಟ್ಟಿ ನೋಡಿ "ಎಲ್ಲವೂ ರಕ್ತ ಪರೀಕ್ಷೆ ಅಂತ ಮಾಡಿಬಿಡೋಣ" ಎಂದು ಹೊರಟರೆ ಎರಡನೇ ಹಳ್ಳಕ್ಕೆ ಬೀಳುತ್ತೀರಿ.

ಯೋಜನೆಯ ಪ್ರತಿ ತೆರೆದು, ಆ ದಿನ ಏನೇನು ನಡೆಯುತ್ತದೆ ಎಂದು ಮೊದಲಿಂದ ಕೊನೆಗೆ ಎಣಿಸಿ. ನಮ್ಮ ಉದಾಹರಣೆಯಲ್ಲಿ ನಾಲ್ಕು ಕೆಲಸ ಇವೆ. ಪ್ರಶ್ನೆ ಕೇಳುತ್ತಾರೆ. ರಕ್ತ ತೆಗೆಯುತ್ತಾರೆ. ಆ ರಕ್ತವನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಾರೆ. ಉಳಿದ ರಕ್ತವನ್ನು ಇಟ್ಟುಕೊಳ್ಳುತ್ತಾರೆ. ನಾಲ್ಕಕ್ಕೆ ನಾಲ್ಕು ಮಾತು: ಪ್ರಶ್ನೆ ಕೇಳುವುದು, ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ಇಟ್ಟುಕೊಳ್ಳುವುದು. ಇಷ್ಟು ಮಾಡಿಕೊಂಡು ಹಳೆಯ ಪತ್ರಕ್ಕೆ ಬಂದರೆ, "ರಕ್ತ ಪರೀಕ್ಷೆಗೆ ನಾನು ಒಪ್ಪುತ್ತೇನೆ" ಎಂಬ ಒಂದೇ ಸಾಲು ಮೂರು ಕೆಲಸವನ್ನು ಒಟ್ಟಿಗೆ ನುಂಗಿಕೊಂಡಿರುವುದು ಕಾಣುತ್ತದೆ. ರಕ್ತ ತೆಗೆಯಲು, ಈ ಕಾಯಿಲೆಗೆ ಪರೀಕ್ಷೆ ಮಾಡಲು ಒಪ್ಪಿ, ಉಳಿದದ್ದನ್ನು ಇಟ್ಟುಕೊಳ್ಳಲು ಬೇಡ ಅನ್ನುವವರು ಇರುತ್ತಾರೆ. ಅವರಿಗೆ ಹೌದು, ಇಲ್ಲ ಎಂದು ಬೇರೆ ಗುರುತು ಹಾಕಲು ಜಾಗ ಬೇಕು. ಇದನ್ನು ನೀವೇ ಸೇರಿಸಬೇಡಿ, ಅಂಚಿನಲ್ಲಿ ಪ್ರಶ್ನೆ ಬರೆದು ಸಂಶೋಧಕರಿಗೆ ಕೊಡಿ.

ತಪಾಸಣೆ ಎಂಬ ಪದವನ್ನು ಪೂರ್ತಿ ಬಿಡಿ. ಆರೋಗ್ಯ ತಪಾಸಣಾ ಶಿಬಿರ ಎಂದರೆ ನಮ್ಮ ಜನಕ್ಕೆ ಡಾಕ್ಟರು ನೋಡಿ ಮಾತ್ರೆ ಬರೆದುಕೊಡುವುದು. ಸಂಶೋಧನೆಯಲ್ಲಿ ಅದು ಇಲ್ಲ. ರಕ್ತ ನೀಡುವಿಕೆಯೂ ಬೇಡ, ಬಾಟಲಿ ತುಂಬುವ ರಕ್ತದಾನ ನೆನಪಾಗುತ್ತದೆ.

ಮಾದರಿ ಎಂಬ ಪದದ ಹತ್ತಿರ ಸ್ವಲ್ಪ ನಿಲ್ಲೋಣ. ಬರೆಯುವವರಿಗೆ ಅದು ಸಹಜ ಪದ. ಊರಿನಲ್ಲಿ ಮಾದರಿ ಅಂದರೆ ನಮೂನೆ, ಅನುಸರಿಸಬೇಕಾದದ್ದು. ಮಾದರಿ ಶಾಲೆ, ಮಾದರಿ ರೈತ. "ನಿಮ್ಮ ಮಾದರಿಯನ್ನು ಸಂಗ್ರಹಿಸಿಡಲಾಗುವುದು" ಎಂಬ ಸಾಲಿನಿಂದ ಫ್ರಿಜ್ಜಿನೊಳಗೆ ಇಡುವ ರಕ್ತದ ಟ್ಯೂಬ್ ಕಣ್ಮುಂದೆ ಬರುವುದಿಲ್ಲ. "ನಿಮ್ಮಿಂದ ತೆಗೆದ ರಕ್ತ" ಎಂದು ಬರೆದರೆ ಬರುತ್ತದೆ. ಒಂದು ಪದ ಜಾಸ್ತಿ ಆಯಿತು, ಆಗಲಿ.

ನೋವಿನ ಸಾಲನ್ನೂ ಹೀಗೇ ನೋಡಬೇಕು. "ಅಲ್ಪ ಪ್ರಮಾಣದ ಅಸ್ವಸ್ಥತೆ ಉಂಟಾಗುವ ಸಾಧ್ಯತೆ ಇರುತ್ತದೆ" ಎಂಬುದನ್ನು ಸರಳ ಮಾಡುವ ಹೆಸರಿನಲ್ಲಿ "ಏನೂ ತೊಂದರೆ ಇಲ್ಲ" ಎಂದು ತಿದ್ದಿದವರನ್ನು ಕಂಡಿದ್ದೇನೆ. ಅದು ಸರಳ ಮಾಡಿದ್ದಲ್ಲ, ಮುಚ್ಚಿಟ್ಟದ್ದು. ಹೀಗೆ ಬರೆಯಿರಿ: "ಸೂಜಿ ಚುಚ್ಚಿದಾಗ ಸ್ವಲ್ಪ ನೋವಾಗುತ್ತದೆ. ಆ ಜಾಗ ಕೆಲವು ದಿನ ನೀಲಿಗಟ್ಟಬಹುದು. ಕೆಲವರಿಗೆ ತಲೆ ಸುತ್ತು ಬರಬಹುದು. ತೀರಾ ಅಪರೂಪಕ್ಕೆ ಚುಚ್ಚಿದ ಜಾಗ ಸೋಂಕಾಗಬಹುದು."

ಹಣದ ಗುಂಪಿನಲ್ಲಿ "ಪರಿಹಾರ" ಎರಡು ಕಡೆ ಬಂದಿತ್ತು. ಒಂದು ಕಡೆ ಬಸ್ ಖರ್ಚಿಗೆ, ಇನ್ನೊಂದು ಕಡೆ ಅಧ್ಯಯನದಿಂದ ತೊಂದರೆಯಾದರೆ ಕೊಡುವ ಹಣಕ್ಕೆ. ಇವೆರಡೂ ಬೇರೆ ಬೇರೆ. ಮೊದಲನೆಯದು ಬಂದ ಎಲ್ಲರಿಗೂ ಸಿಗುತ್ತದೆ, ಎರಡನೆಯದು ಹಾನಿಯಾದವರಿಗೆ ಮಾತ್ರ. ಬೆಳೆ ಹಾನಿ, ಮನೆ ಬಿದ್ದದ್ದು, ಆನೆ ತುಳಿದದ್ದು ಎಂದು ಪರಿಹಾರಕ್ಕೆ ಅರ್ಜಿ ಹಾಕಿ ರೂಢಿ ಇರುವವರಿಗೆ ಆ ಪದ ದೊಡ್ಡ ಮೊತ್ತದಂತೆ ಕೇಳಿಸುತ್ತದೆ. ಹಾಗಾಗಿ ಒಂದನ್ನು "ಬಂದು ಹೋಗುವ ಖರ್ಚು" ಎಂದೂ, ಇನ್ನೊಂದನ್ನು "ತೊಂದರೆಯಾದರೆ ಕೊಡುವ ಪರಿಹಾರ" ಎಂದೂ ಬೇರೆ ಮಾಡಿದೆ.

ಕಂಪ್ಯೂಟರಿನಲ್ಲಿ ಬದಲಿಸುವಾಗ

ಪದ ಆರಿಸಿಯಾಯಿತು, Ctrl+H ಒತ್ತಿ ಎಲ್ಲ ಒಂದೇ ಸಲ ಬದಲಿಸೋಣ ಎಂದು ಮನಸ್ಸಾಗುತ್ತದೆ. ಕನ್ನಡದಲ್ಲಿ ಹಾಗೆ ಮಾಡಬೇಡಿ. ನಮ್ಮ ಪದಗಳ ಬಾಲಕ್ಕೆ ವಿಭಕ್ತಿ ಅಂಟಿಕೊಂಡಿರುತ್ತದೆ. ರೋಗಿ ತೆಗೆದು ಭಾಗವಹಿಸುವವರು ಹಾಕಿದರೆ "ರೋಗಿಯ" ಎಂಬುದು "ಭಾಗವಹಿಸುವವರುಯ" ಆಗುತ್ತದೆ, "ನಿರೋಗಿ" ಎಂಬುದು "ನಿಭಾಗವಹಿಸುವವರು" ಆಗುತ್ತದೆ. Ctrl+F ಒತ್ತಿ ಒಂದೊಂದಾಗಿ ಹುಡುಕಿ ಕೈಯಲ್ಲೇ ಬದಲಿಸಿ. ನಾಲ್ಕು ಪುಟಕ್ಕೆ ಅರ್ಧ ಗಂಟೆಯೂ ಬೇಡ.

ಹುಡುಕುವುದರಲ್ಲೂ ಎರಡು ತೊಡಕು ಇವೆ. ನುಡಿ ಎಂಬ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಫೈಲಾದರೆ, ನೀವು ಯೂನಿಕೋಡಿನಲ್ಲಿ ಹೊಡೆದ ಪದ ಅದಕ್ಕೆ ಸಿಗುವುದೇ ಇಲ್ಲ. ಕಣ್ಣೆದುರಿಗೆ ರೋಗಿ ಎಂದು ಕಾಣುತ್ತಿದ್ದರೂ ಹುಡುಕಾಟ ಇಲ್ಲ ಅನ್ನುತ್ತದೆ. ಮೊದಲು ಪೂರ್ತಿ ಫೈಲನ್ನು ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ಕೆಟ್ಟಿಲ್ಲವೇ ನೋಡಿ, ಆಮೇಲೆ ಹುಡುಕಿ. ಇನ್ನೊಂದು ತೊಡಕು ಪದ ಬಿಡಿಸುವುದರಲ್ಲಿ. "ಭಾಗವಹಿಸುವ", "ಭಾಗ ವಹಿಸುವ" ಎರಡೂ ಒಂದೇ ಪತ್ರದಲ್ಲಿ ಇರುತ್ತವೆ. ಎರಡನ್ನೂ ಬೇರೆ ಬೇರೆ ಹುಡುಕಬೇಕು.

ಹುಡುಕಾಟಕ್ಕೆ ಸಿಗದೇ ಉಳಿಯುವುದು ಕ್ರಿಯಾಪದ. "ರೋಗಿಯು ... ಹೊಂದಿರುತ್ತಾನೆ" ಎಂಬಲ್ಲಿ ರೋಗಿಯನ್ನು ನೀವು ಮಾಡಿದರೆ ಸಾಲಿನ ಕೊನೆಯೂ ಬದಲಾಗಬೇಕು. ಕರ್ತೃವೇ ಇಲ್ಲದ ಸಾಲುಗಳೂ ಇವೆ: "ರಕ್ತ ನೀಡಿದ ಬಳಿಕ ವರದಿಗಾಗಿ ಸಂಪರ್ಕಿಸಬಹುದು." ಯಾರು ಯಾರನ್ನು? "ರಕ್ತ ತೆಗೆದ ಮೇಲೆ, ನಿಮಗೆ ವರದಿ ಬೇಕಾದರೆ ಈ ನಂಬರಿಗೆ ನೀವು ನಮಗೆ ಫೋನ್ ಮಾಡಿ" ಎಂದು ಬರೆದಾಗ ಮಾತ್ರ ಆ ಸಾಲು ನಿಲ್ಲುತ್ತದೆ. ಇದಕ್ಕಾಗಿ ತಿದ್ದಿದ ಪ್ರತಿಯನ್ನು ಮತ್ತೆ ಮುದ್ರಿಸಿ, ಪ್ರತಿ ಸಾಲಿನ ಕೊನೆಯ ಪದವನ್ನು ಮಾತ್ರ ನೋಡುತ್ತಾ ಒಂದು ಸಲ ಹೋಗಿ.

ಸಂಶೋಧಕರು ಒಪ್ಪಿದರೆ ಮೊದಲಿನ ನಾಲ್ಕು ಸಾಲು ಹೀಗಾಗುತ್ತವೆ:

"ಟೆಕ್ನಿಷಿಯನ್ ಒಂದು ಸಲ ನಿಮ್ಮ ತೋಳಿನಿಂದ 5 ಮಿ.ಲೀ., ಅಂದರೆ ಸುಮಾರು ಒಂದು ಟೀ ಚಮಚದಷ್ಟು, ರಕ್ತ ತೆಗೆಯುತ್ತಾರೆ."

"ನಿಮಗೆ ಬೇಡ ಅನಿಸಿದರೆ ಯಾವಾಗ ಬೇಕಾದರೂ ಬಿಡಬಹುದು. ಕಾರಣ ಹೇಳಬೇಕಾಗಿಲ್ಲ. ಬಿಟ್ಟರೂ ಆಸ್ಪತ್ರೆಯಲ್ಲಿ ನಿಮಗೆ ಸಿಗುವ ಚಿಕಿತ್ಸೆ ಮೊದಲಿನಂತೆಯೇ ಸಿಗುತ್ತದೆ."

"ಪರೀಕ್ಷೆ ಮಾಡಿದ ಮೇಲೆ ನಾವು ನಿಮಗೆ ವರದಿ ಕೊಡುತ್ತೇವೆ."

"ನನ್ನಿಂದ ತೆಗೆದ ರಕ್ತದಲ್ಲಿ ಉಳಿದದ್ದನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳಲು ನಾನು ಒಪ್ಪುತ್ತೇನೆ: ಹೌದು / ಇಲ್ಲ."

ಎರಡನೇ ಸಾಲಿಗೆ ಅಂಚಿನಲ್ಲಿ ಒಂದು ಪ್ರಶ್ನೆ ಬರೆದೆ: ಬಿಟ್ಟವರ ರಕ್ತವನ್ನು ಏನು ಮಾಡುತ್ತೀರಿ? ಪತ್ರದಲ್ಲಿ ಎಲ್ಲೂ ಇರಲಿಲ್ಲ. ಇನ್ನೊಂದು ಪ್ರಶ್ನೆ "ರಕ್ತದಲ್ಲಿ ಗುರುತು ಕಂಡರೆ ಕಾಯಿಲೆ ಬಂದಿತ್ತು ಎಂದರ್ಥ" ಎಂಬ ಸಾಲಿಗೆ. ಈ ಭಾಗದಲ್ಲಿ ಹಿಂದೆ ಅನೇಕರಿಗೆ ಮಂಗನ ಕಾಯಿಲೆಯ ಲಸಿಕೆ ಹಾಕಿದ್ದಾರೆ. ಲಸಿಕೆಯಿಂದಲೂ ರಕ್ತದಲ್ಲಿ ಆ ಗುರುತು, ಅಂದರೆ ಪ್ರತಿಕಾಯ, ಬರಬಹುದು, ಅಲ್ವಾ? ಇಂಥದ್ದನ್ನು ಕರಡು ತಿದ್ದುವವರು ಬರೆದು ಸರಿಮಾಡಬಾರದು, ಕೇಳಬೇಕು.

ಒಬ್ಬರಿಗೆ ಓದಿ ಹೇಳಿ

ಇಷ್ಟಾದರೂ ಪತ್ರ ಮುಗಿದಿಲ್ಲ. ಅಧ್ಯಯನಕ್ಕೂ ಆಸ್ಪತ್ರೆಗೂ ಸಂಬಂಧವಿಲ್ಲದ ಒಬ್ಬರಿಗೆ ಜೋರಾಗಿ ಓದಿ ಹೇಳಬೇಕು. ಈ ಪತ್ರವನ್ನು ನಾನು ತೀರ್ಥಹಳ್ಳಿ ಕಡೆ ನೆಂಟರ ಮನೆಯಲ್ಲಿ, ಅಡಿಕೆ ಸುಲಿಯಲು ಬಂದಿದ್ದ ಒಬ್ಬ ಅಕ್ಕನಿಗೆ ಓದಿದೆ. ಅವರು ಮೆಟ್ಟುಗತ್ತಿಯ ಮೇಲೆ ಕೈ ನಿಲ್ಲಿಸದೆ ಕೇಳಿದರು. "ಅರ್ಥ ಆಯ್ತಾ?" ಎಂದು ಕೇಳಬಾರದು. ಎಲ್ಲರೂ ಹೂಂ ಅನ್ನುತ್ತಾರೆ. ಹೀಗೆ ಕೇಳಿದೆ:

"ಅಕ್ಕಾ, ನೀವು ಇದಕ್ಕೆ ಸೇರಿದ್ರಿ ಅಂತ ಇಟ್ಕೊಳ್ಳಿ. ಏನೇನು ಮಾಡ್ತಾರೆ? ನಿಮ್ಮ ಮಾತಲ್ಲೇ ಹೇಳಿ."

"ಮೊದಲು ಏನೇನೋ ಕೇಳ್ತಾರೆ. ಆಮೇಲೆ ಒಂದು ಚಮಚ ರಕ್ತ ತೆಗೀತಾರೆ. ಪರೀಕ್ಷೆ ಮಾಡಿ ಚೀಟಿ ಕೊಡ್ತಾರೆ."

"ಚೀಟಿ ಬಂದ ಮೇಲೆ?"

"ಮಾತ್ರೆ ಕೊಡ್ತಾರಲ್ಲ ತಮ್ಮಾ. ಕಾಯಿಲೆ ಇದೆ ಅಂತ ಗೊತ್ತಾದ್ಮೇಲೆ ಸುಮ್ನೆ ಕಳಿಸ್ತಾರಾ?"

ತಪಾಸಣೆ ತೆಗೆದಿದ್ದೆ, ರೋಗಿ ತೆಗೆದಿದ್ದೆ. ಆದರೂ ಈ ನಂಬಿಕೆ ಉಳಿಯಿತು. ಯಾಕೆ ಎಂದು ಹಿಂದಕ್ಕೆ ಹೋಗಿ ನೋಡಿದರೆ ಕಾರಣ ಸಿಕ್ಕಿತು. ಪರೀಕ್ಷೆ ಏನನ್ನು ನೋಡುತ್ತದೆ ಎಂದು ಬರೆದಿತ್ತು, ಏನನ್ನು ನೋಡುವುದಿಲ್ಲ ಎಂದು ಬರೆದಿರಲಿಲ್ಲ. ಪರೀಕ್ಷೆಯ ಪ್ಯಾರಾದ ತಲೆಗೇ ಈ ಮಾತು ಸೇರಿಸಲು ಸೂಚಿಸಿದೆ: "ಈ ಪರೀಕ್ಷೆ ನಿಮಗೆ ಈಗ ಕಾಯಿಲೆ ಇದೆಯೇ ಎಂದು ನೋಡುವುದಕ್ಕಲ್ಲ. ಹಿಂದೆ ಯಾವಾಗಲಾದರೂ ಬಂದು ಹೋಗಿತ್ತೇ ಎಂದು ನೋಡುವುದಕ್ಕೆ. ಈ ಅಧ್ಯಯನದಲ್ಲಿ ನಾವು ಮಾತ್ರೆ, ಇಂಜೆಕ್ಷನ್ ಕೊಡುವುದಿಲ್ಲ. ನಿಮಗೆ ಜ್ವರ ಬಂದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ."

ಮತ್ತೆ ಓದಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇದು ನಮಗಲ್ಲ, ಅವರು ತಿಳ್ಕೊಳ್ಳೋಕೆ" ಅಂದರು. ಇಂಥ ಅಧ್ಯಯನದ ಬಗ್ಗೆ ಇಷ್ಟು ಸ್ಪಷ್ಟವಾಗಿ ಹೇಳಿದ ಸಾಲು ಇಡೀ ಪತ್ರದಲ್ಲಿ ಇರಲಿಲ್ಲ. "ಇದರಿಂದ ನಿಮಗೆ ನೇರವಾಗಿ ಲಾಭ ಇಲ್ಲದೆ ಇರಬಹುದು. ಈ ಕಾಯಿಲೆ ಯಾರಿಗೆ, ಎಲ್ಲಿ ಬರುತ್ತದೆ ಎಂದು ನಾವು ತಿಳಿದುಕೊಳ್ಳಲು ಈ ಅಧ್ಯಯನ ಮಾಡುತ್ತಿದ್ದೇವೆ" ಎಂದು ಅದಕ್ಕೆ ಮೊದಲ ಪುಟದಲ್ಲೇ ಜಾಗ ಮಾಡಿದೆ.

ಇಬ್ಬರು ಮೂವರಿಗೆ ಹೀಗೆ ಓದಿದರೆ ಒಳ್ಳೆಯದು. ಒಬ್ಬರು ಶಾಲೆಗೆ ಹೋಗದವರು ಇರಲಿ, ಯಾಕೆಂದರೆ ಅಂಥವರಿಗೂ ಈ ಪತ್ರ ಓದಿ ಹೇಳಿಯೇ ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ. ಆಗ ಸಂಶೋಧನಾ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಪಕ್ಕದಲ್ಲಿ ಇರಬೇಕು ಎಂದು ಐಸಿಎಂಆರ್ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಸಹಿಯ ಪುಟದಲ್ಲಿ ಹೆಬ್ಬೆಟ್ಟಿಗೆ, ಸಾಕ್ಷಿಗೆ ಬೇರೆ ಬೇರೆ ಜಾಗ ಇದೆಯಾ ನೋಡಿ. ಸಾಕ್ಷಿಯ ಸಾಲಿನಲ್ಲಿ "ಈ ಪತ್ರವನ್ನು ಪೂರ್ತಿ ಓದಿ ಹೇಳಿದ್ದನ್ನು ನಾನು ಕೇಳಿದ್ದೇನೆ" ಎಂದು ಬರುವಾಗ, ಅಲ್ಲಿನ "ನಾನು" ಸಾಕ್ಷಿ. ಮೇಲಿನ "ನಾನು" ರಕ್ತ ಕೊಡುವವರು. ಎರಡರ ನಡುವೆ ಒಂದು ಗೆರೆ ಎಳೆದು, "ಸಾಕ್ಷಿಯ ಮಾತು" ಎಂದು ತಲೆಬರಹ ಕೊಡಿ.

ಇಂಗ್ಲಿಷಿನಿಂದ ಬಂದ ಪತ್ರವಾದರೆ, ಮೂಲ ನೋಡಿರದ ಇನ್ನೊಬ್ಬರು ನಿಮ್ಮ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಲಿ. ಅವರು ತಿರುಗಿಸಿದ ಪ್ರತಿಯಲ್ಲಿ ಒಂದೇ ವ್ಯಕ್ತಿಗೆ ಎರಡು ಪದ ಬಂದಿದ್ದರೆ, ನಿಮ್ಮ ಕನ್ನಡದಲ್ಲಿ ಎಲ್ಲೋ ಒಂದು ಹಳೆಯ ಪದ ಉಳಿದಿದೆ.

ಸಂಶೋಧಕರಿಗೆ ಮೂರು ಹಾಳೆ ಕೊಡಿ: ತಿದ್ದಿದ ಪತ್ರ, ಹೆಸರುಗಳ ಪಟ್ಟಿ, ಅಂಚಿನ ಪ್ರಶ್ನೆಗಳು. ಪಟ್ಟಿ ಅವರ ಹತ್ತಿರ ಇದ್ದರೆ ಪ್ರಶ್ನಾವಳಿ, ಫೋನಿನಲ್ಲಿ ಹೇಳುವ ಮಾತು, ವರದಿಯ ಚೀಟಿ ಇವುಗಳಲ್ಲೂ ಅದೇ ಪದ ಬಳಸುತ್ತಾರೆ. ಪತ್ರದಲ್ಲಿ ಮಂಗನ ಕಾಯಿಲೆ ಎಂದು ಓದಿ ಸಹಿ ಹಾಕಿದವರ ಕೈಗೆ ಕೊನೆಗೆ ಕೆಎಫ್‌ಡಿ ಎಂಬ ಚೀಟಿ ಸಿಕ್ಕರೆ, ಅದು ಬೇರೆ ಯಾವುದೋ ಕಾಯಿಲೆ ಎಂದು ಗಾಬರಿಯಾಗುತ್ತಾರೆ. ಎಲ್ಲ ಮುಗಿದ ಮೇಲೆ ಪ್ರತಿ ಪುಟದ ಅಡಿಯಲ್ಲಿರುವ ಆವೃತ್ತಿ ಸಂಖ್ಯೆ ಮತ್ತು ತಾರೀಕು ಬದಲಿಸಿ. ಮಾಹಿತಿ ಹಾಳೆಯಲ್ಲೂ ಒಪ್ಪಿಗೆ ಹಾಳೆಯಲ್ಲೂ ಅದು ಒಂದೇ ಇರಬೇಕು.